ಮೂರು ಮಿಂಚಿನ ಲೆಕ್ಕ

ಓಟಿಟಿಯಲ್ಲಿ ಕೆಲವು ಸಿನಿಮಾ, ಸರಣಿಗಳು ಶುರುವಾಗುವ ಮುಂಚೆ ಪರದೆಯ ಮೂಲೆಯಲ್ಲಿ ಒಂದು ಸಾಲು ಬಂದು ಹೋಗುತ್ತದೆ. ಬೆಳಕು ಮಿನುಗುವ ದೃಶ್ಯಗಳಿವೆ, ಅಂಥ ಬೆಳಕು ಆಗದವರು ಎಚ್ಚರ ವಹಿಸಿ ಎನ್ನುವುದು ಅದರ ಸಾರಾಂಶ. ಓದಿ ಮುಗಿಸುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಫಿಟ್ಸ್ ಇರುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ ತಾಯಿಗೆ ಆ ಸಾಲಿನಿಂದ ಆಗುವ ಉಪಯೋಗ ಬಹಳ ಕಡಿಮೆ. ಎರಡೂವರೆ ಗಂಟೆಯಲ್ಲಿ ಯಾವ ನಿಮಿಷಕ್ಕೆ ಆ ದೃಶ್ಯ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಒಂದು ಸಿಡಿಲಿನಷ್ಟೇ ಇದೆಯೋ ಅಥವಾ ಇಡೀ ಹಾಡೇ ಹಾಗಿದೆಯೋ, ಒಂದನ್ನೂ ಅದು ಹೇಳುವುದಿಲ್ಲ. ಕೊನೆಗೆ ಅವರ ಮುಂದೆ ಉಳಿಯುವುದು ಎರಡೇ ದಾರಿ: ಸಿನಿಮಾ ನೋಡುವುದನ್ನೇ ಬಿಡಬೇಕು, ಇಲ್ಲವೇ ದೇವರ ಮೇಲೆ ಭಾರ ಹಾಕಿ ಕೂರಬೇಕು.

ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ. ಮನೆಯಲ್ಲಿ ತೊಂದರೆಯಿಲ್ಲದ ಯಾರಾದರೂ ಒಬ್ಬರು ಮೊದಲೇ ನೋಡಿ, ಅಪಾಯದ ಜಾಗಗಳನ್ನು ಗುರುತು ಮಾಡಿ, ಅದನ್ನು ನೋಡಿಕೊಂಡು ತೀರ್ಮಾನಿಸುವುದು. ಏನನ್ನು ಗುರುತು ಮಾಡಬೇಕು ಎಂದು ಗೊತ್ತಿದ್ದರೆ ಇದಕ್ಕೆ ಯಾವ ಉಪಕರಣವೂ ಬೇಡ.

ಮೊದಲು, ಯಾರಿಗೆ ಏನಾಗುತ್ತದೆ ಎಂಬುದನ್ನು ನೋಡೋಣ. ಮೂರ್ಛೆರೋಗ ಇರುವ ನೂರು ಜನರಲ್ಲಿ ಸುಮಾರು ಮೂವರಿಗೆ ಮಾತ್ರ ಮಿನುಗುವ ಬೆಳಕಿನಿಂದ ಫಿಟ್ಸ್ ಬರುತ್ತದೆ. ಉಳಿದವರಿಗೆ ಬೆಳಕಿನ ಭಯ ಬೇಕಿಲ್ಲ. ಬೆಳಕಿನಿಂದ ಫಿಟ್ಸ್ ಬರುವವರಲ್ಲಿ ಹೆಚ್ಚಿನವರು ಮಕ್ಕಳು ಮತ್ತು ಹದಿಹರೆಯದವರು. ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹೆಚ್ಚು. ಹೊರಗಿನ ಒಂದು ನಿರ್ದಿಷ್ಟ ಪ್ರಚೋದನೆಯಿಂದ ಬರುವ ಫಿಟ್ಸ್ ನಮ್ಮ ನಾಡಿಗೆ ಹೊಸದಲ್ಲ. ತಲೆಗೆ ಬಿಸಿನೀರು ಹಾಕಿಕೊಂಡಾಗ ಬರುವ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ಎಷ್ಟು ಕಾಣಿಸಿಕೊಂಡಿದೆಯೆಂದರೆ, ಬೆಂಗಳೂರಿನ ನರರೋಗ ವೈದ್ಯರು ಅದರ ಬಗ್ಗೆ ಮಾಡಿದ ಅಧ್ಯಯನಗಳನ್ನು ಜಗತ್ತಿನ ವೈದ್ಯರು ಓದುತ್ತಾರೆ. ಬಿಸಿನೀರಿನ ಜಾಗದಲ್ಲಿ ಬೆಳಕನ್ನು ಇಟ್ಟುಕೊಂಡರೆ ನಮ್ಮ ವಿಷಯ ಅರ್ಥವಾಗುತ್ತದೆ. ಇದು ಇದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲಿ ಟೀವಿ ಹಚ್ಚಿ ಪರೀಕ್ಷಿಸಬಾರದು. ಇಇಜಿ ಮಾಡುವಾಗ ಕಣ್ಣಿನ ಮುಂದೆ ಒಂದು ದೀಪವನ್ನು ಬೇರೆ ಬೇರೆ ವೇಗದಲ್ಲಿ ಮಿನುಗಿಸಿ ವೈದ್ಯರೇ ನೋಡುತ್ತಾರೆ. ಮಗುವಿನ ಇಇಜಿ ವರದಿ ಕೈಗೆ ಬಂದಾಗ, ಬೆಳಕಿನ ಪರೀಕ್ಷೆಯಲ್ಲಿ ಏನು ಕಂಡಿತು ಎಂದು ಕೇಳಿ ತಿಳಿದುಕೊಳ್ಳಿ. ಆ ಒಂದು ಉತ್ತರ ಮುಂದಿನ ಎಲ್ಲ ತೀರ್ಮಾನಕ್ಕೂ ಬೇಕಾಗುತ್ತದೆ.

ಮೈಗ್ರೇನ್ ಇರುವವರ ಗುಂಪು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅವರಿಗೆ ಬರುವುದು ಫಿಟ್ಸ್ ಅಲ್ಲ, ಅರೆತಲೆಯ ಸಿಡಿತ, ವಾಕರಿಕೆ, ಬೆಳಕನ್ನೇ ತಡೆಯಲಾಗದ ಸ್ಥಿತಿ. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕಾದ ಹೊಳೆಯುವ ಗೆರೆಗಳು ಹರಡುತ್ತಾ ಹೋಗುತ್ತವೆ. ಇವರ ಲೆಕ್ಕ ಸ್ವಲ್ಪ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಬೆಳಕು ಮಿದುಳಿಗೆ ಏನು ಮಾಡುತ್ತದೆ? ಕಣ್ಣಿನಿಂದ ಬಂದ ಸಂಕೇತವನ್ನು ನೋಟವಾಗಿ ಮಾಡುವುದು ತಲೆಯ ಹಿಂಭಾಗದ ಮಿದುಳಿನ ಪದರ. ಸಾಮಾನ್ಯ ದೃಶ್ಯವೊಂದನ್ನು ನೋಡುವಾಗ ಅಲ್ಲಿನ ಜೀವಕೋಶಗಳು ಒಂದೊಂದು ಗುಂಪಾಗಿ, ಬೇರೆ ಬೇರೆ ಹೊತ್ತಿಗೆ ಕೆಲಸ ಮಾಡುತ್ತವೆ. ಪರದೆಯ ದೊಡ್ಡ ಭಾಗ ಒಂದೇ ಸಲಕ್ಕೆ ಬೆಳಗಿ, ಕಪ್ಪಾಗಿ, ಮತ್ತೆ ಬೆಳಗಿದರೆ ಅಪಾರ ಸಂಖ್ಯೆಯ ಕೋಶಗಳು ಒಂದೇ ತಾಳಕ್ಕೆ ಸಿಡಿಯತೊಡಗುತ್ತವೆ. ಆ ಒಗ್ಗಟ್ಟಿನ ಸಿಡಿತವನ್ನು ತಡೆದು ನಿಲ್ಲಿಸುವ ವ್ಯವಸ್ಥೆ ಕೆಲವರ ಮಿದುಳಿನಲ್ಲಿ ದುರ್ಬಲವಾಗಿರುತ್ತದೆ. ಅಂಥವರಲ್ಲಿ ಅದು ಪಕ್ಕದ ಭಾಗಗಳಿಗೆ ಹರಡಿ ಫಿಟ್ಸ್ ಆಗುತ್ತದೆ. ಸೆಕೆಂಡಿಗೆ ಮೂರರಿಂದ ಮೂವತ್ತು ಸಲ ಮಿನುಗುವ ಬೆಳಕು ಹೆಚ್ಚಿನವರಿಗೆ ಅಪಾಯ. ಹದಿನೈದರಿಂದ ಇಪ್ಪತ್ತರ ಆಸುಪಾಸು ಎಲ್ಲಕ್ಕಿಂತ ಕೆಟ್ಟದ್ದು.

ಇದೆಲ್ಲ ಜಗತ್ತಿನ ಕಣ್ಣಿಗೆ ಬಿದ್ದದ್ದು ಜಪಾನಿನಲ್ಲಿ, 1997ರ ಡಿಸೆಂಬರ್ 16ರ ಸಂಜೆ. ಟೀವಿ ಟೋಕಿಯೋ ವಾಹಿನಿಯಲ್ಲಿ ಆರೂವರೆಗೆ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಶುರುವಾಯಿತು. ಸುಮಾರು ಇಪ್ಪತ್ತು ನಿಮಿಷ ಕಳೆದ ಮೇಲೆ ಪಿಕಾಚು ತನ್ನ ಮಿಂಚಿನಿಂದ ಹಾರಿಬರುತ್ತಿದ್ದ ಕ್ಷಿಪಣಿಗಳನ್ನು ಹೊಡೆಯಿತು. ಆ ಸ್ಫೋಟವನ್ನು ತೋರಿಸಲು ಇಡೀ ಪರದೆ ಕೆಂಪು, ನೀಲಿ, ಕೆಂಪು, ನೀಲಿ ಎಂದು ಬದಲಾಯಿತು. ಸೆಕೆಂಡಿಗೆ ಸುಮಾರು ಹನ್ನೆರಡು ಸಲ, ಕೆಲವೇ ಸೆಕೆಂಡು. ಅಂದು ಆಂಬುಲೆನ್ಸುಗಳಲ್ಲಿ ಆಸ್ಪತ್ರೆಗೆ ಹೋದ ಮಕ್ಕಳು 685. ಅದರಲ್ಲಿ ಅನೇಕರಿಗೆ ಅಲ್ಲಿಯವರೆಗೆ ಒಂದೇ ಒಂದು ಸಲವೂ ಫಿಟ್ಸ್ ಬಂದಿರಲಿಲ್ಲ. ಸುದ್ದಿ ವಾಹಿನಿಗಳು ಅದೇ ದೃಶ್ಯವನ್ನು ಮತ್ತೆ ತೋರಿಸಿದಾಗ ಇನ್ನಷ್ಟು ಜನರಿಗೆ ತೊಂದರೆಯಾಯಿತು ಎಂಬ ವರದಿಗಳೂ ಬಂದವು. ಧಾರಾವಾಹಿ ನಾಲ್ಕು ತಿಂಗಳು ನಿಂತುಹೋಯಿತು.

ಆ ಹನ್ನೆರಡು ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದು ಗಮನಿಸಬೇಕಾದ ವಿಷಯ. ಸಿನಿಮಾ ಮತ್ತು ಕಾರ್ಟೂನುಗಳಲ್ಲಿ ಸೆಕೆಂಡಿಗೆ 24 ಚಿತ್ರಗಳು, ಅಂದರೆ 24 ಫ್ರೇಮುಗಳು. ಒಂದು ಫ್ರೇಮ್ ಕೆಂಪು, ಮರುಫ್ರೇಮ್ ನೀಲಿ ಎಂದು ಜೋಡಿಸುತ್ತಾ ಹೋದರೆ ಸೆಕೆಂಡಿಗೆ ಹನ್ನೆರಡು ಜೋಡಿ. ಹೊಡೆತಕ್ಕೆ, ಸ್ಫೋಟಕ್ಕೆ ಜೋರು ಬರಲೆಂದು ಜಪಾನಿನ ಕಾರ್ಟೂನುಗಳು ಮೊದಲಿನಿಂದಲೂ ಬಳಸುತ್ತಿದ್ದ ತಂತ್ರವಿದು. ಎರಡೆರಡು ಫ್ರೇಮಿಗೆ ಬದಲಿಸಿದರೆ ಸೆಕೆಂಡಿಗೆ ಆರು. ಮೂರಕ್ಕೆ ಬದಲಿಸಿದರೆ ನಾಲ್ಕು. ನಾಲ್ಕು ಫ್ರೇಮಿಗೆ ಬದಲಿಸಿದರೆ ಮಾತ್ರ ಮೂರಕ್ಕೆ ಇಳಿಯುತ್ತದೆ. ಸಂಕಲನಕಾರರು ಮೇಜಿನ ಮುಂದೆ ಕೂತು ಮಾಡುವ ಒಂದೆರಡು ಫ್ರೇಮುಗಳ ತೀರ್ಮಾನ ಅಪಾಯದ ಗೆರೆಯ ಆಚೆಗೋ ಈಚೆಗೋ ಬೀಳುತ್ತದೆ.

ಆ ಗೆರೆಯನ್ನು ಎಳೆದದ್ದು ಮೊದಲು ಬ್ರಿಟನ್. 1993ರಲ್ಲಿ ಒಂದು ನೂಡಲ್ ಜಾಹೀರಾತು ನೋಡಿ ಅಲ್ಲಿ ಕೆಲವರಿಗೆ ಫಿಟ್ಸ್ ಬಂದ ಮೇಲೆ ಟೀವಿಗೆ ನಿಯಮ ಬಂತು. ಪೋಕೆಮಾನ್ ಘಟನೆಯ ನಂತರ ಜಪಾನ್ 1998ರಲ್ಲಿ ತನ್ನದನ್ನು ಮಾಡಿಕೊಂಡಿತು. ನಿಯಮದ ತಿರುಳು ಸರಳವಾಗಿದೆ. ಯಾವ ಒಂದು ಸೆಕೆಂಡಿನಲ್ಲೂ ಮೂರಕ್ಕಿಂತ ಹೆಚ್ಚು ಮಿಂಚು ಇರಬಾರದು. ಬೆಳಕು ಏರಿ ಇಳಿದರೆ, ಅಥವಾ ಇಳಿದು ಏರಿದರೆ, ಆ ಜೋಡಿಗೆ ಒಂದು ಮಿಂಚು ಎಂದು ಲೆಕ್ಕ. ಪರದೆಯ ಕಾಲು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಮಿನುಗಿದರೆ ಲೆಕ್ಕಕ್ಕಿಲ್ಲ. ಗಾಢ ಕೆಂಪು ಬಂದು ಹೋಗುವುದು ವಿಶೇಷ ಅಪಾಯ, ಅದಕ್ಕೆ ನಿಯಮ ಇನ್ನೂ ಬಿಗಿ. ಪರದೆ ತುಂಬಾ ಕಪ್ಪುಬಿಳುಪಿನ ಪಟ್ಟೆಗಳಿದ್ದರೆ ಮಿನುಗದಿದ್ದರೂ ಕೆಲವರಿಗೆ ತೊಂದರೆ. ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ವಿಶ್ವವಿದ್ಯಾಲಯದ ಗ್ರಹಾಂ ಹಾರ್ಡಿಂಗ್ ಇದನ್ನು ಅಳೆಯುವ ತಂತ್ರಾಂಶ ರೂಪಿಸಿದರು. ಬ್ರಿಟನ್ನಿನ ಟೀವಿ ಕಾರ್ಯಕ್ರಮಗಳು ಪ್ರಸಾರಕ್ಕೆ ಮುಂಚೆ ಆ ಬಗೆಯ ಪರೀಕ್ಷೆಯಲ್ಲಿ ಪಾಸಾಗಬೇಕು.

ಟೀವಿಗೆ ಇರುವ ಈ ಬಿಗಿ ಚಿತ್ರಮಂದಿರಕ್ಕೆ ಇಲ್ಲ. ಅದರ ಫಲ 2018ರಲ್ಲಿ ಕಂಡಿತು. ‘ಇನ್‌ಕ್ರೆಡಿಬಲ್ಸ್ 2’ ಎಂಬ ಪಿಕ್ಸರ್ ಚಿತ್ರದ ಖಳಪಾತ್ರ ಪರದೆಗಳ ಮೂಲಕ ಜನರನ್ನು ವಶ ಮಾಡಿಕೊಳ್ಳುತ್ತದೆ. ಹಾಗಾಗಿ ಕಥೆಯಲ್ಲೇ ಮಿನುಗುವ ಬೆಳಕು ಆಯುಧ. ಒಂದು ಹೋರಾಟವಂತೂ ಸುತ್ತಲೂ ಬೆಳಕು ಮಿಡಿಯುವ ಕೋಣೆಯೊಳಗೇ ನಡೆಯುತ್ತದೆ. ಅಮೆರಿಕದಲ್ಲಿ ಜೂನ್ ತಿಂಗಳಲ್ಲಿ ಬಿಡುಗಡೆಯಾದ ಕೂಡಲೇ ದೂರುಗಳು ಎದ್ದವು. ಡಿಸ್ನಿ ಸಂಸ್ಥೆ ಚಿತ್ರಮಂದಿರಗಳ ಬಾಗಿಲಲ್ಲಿ ಎಚ್ಚರಿಕೆಯ ಚೀಟಿ ಹಾಕಲು ಹೇಳಿತು. ಮರುತಿಂಗಳು ಬ್ರಿಟನ್ನಿಗೆ ಬರುವಷ್ಟರಲ್ಲಿ ಆ ದೃಶ್ಯಗಳನ್ನು ತಿದ್ದಿ, ಹಾರ್ಡಿಂಗ್ ಪರೀಕ್ಷೆಯಲ್ಲಿ ಪಾಸಾದ ಪ್ರತಿಯನ್ನೇ ತೋರಿಸಿದರು. ಕಥೆ ಕೆಡಲಿಲ್ಲ, ಹೋರಾಟವೂ ಉಳಿಯಿತು. ಮಿನುಗಿನ ವೇಗವನ್ನೋ ಹೊಳಪನ್ನೋ ಇಳಿಸಿದರೆ ಸಾಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇಡ. ಪ್ರೇಕ್ಷಕರು ನೆನಪಿಡಬೇಕಾದ ಇನ್ನೊಂದು ಮಾತೂ ಇದರಲ್ಲಿದೆ: ಒಂದೇ ಹೆಸರಿನ ಸಿನಿಮಾಕ್ಕೆ ಎರಡು ಪ್ರತಿ ಇರಬಹುದು. ವಿದೇಶದಲ್ಲಿರುವ ತಂಗಿ ‘ನಾವು ನೋಡಿದೆವು, ಏನೂ ಆಗಲಿಲ್ಲ’ ಎಂದರೆ, ಇಲ್ಲಿ ಬರುವ ಪ್ರತಿಯೂ ಅದೇ ಎಂದು ತಿಳಿಯಬಾರದು.

ನಮ್ಮ ದೇಶದಲ್ಲಿ ಸಿನಿಮಾಕ್ಕೆ ಸಿಗುವ ಪ್ರಮಾಣಪತ್ರ ವಯಸ್ಸಿನ ಬಗ್ಗೆ ಹೇಳುತ್ತದೆ. ಈಗ ಯುಎ ವರ್ಗವನ್ನು 7+, 13+, 16+ ಎಂದು ಬಿಡಿಸಿದ್ದಾರೆ. ಓಟಿಟಿಗೆ 2021ರ ನಿಯಮಗಳ ಪ್ರಕಾರ ಹಿಂಸೆ, ನಗ್ನತೆ, ಭಾಷೆ, ಮಾದಕವಸ್ತು, ಭಯ ಮುಂತಾದವನ್ನು ನೋಡಿ ವರ್ಗ ಕೊಡಬೇಕು. ಆ ಪಟ್ಟಿಯಲ್ಲಿ ಮಿನುಗುವ ಬೆಳಕು ಇಲ್ಲ. ತೆರೆಯ ಮೇಲೆ ಸಿಗರೇಟು ಹಚ್ಚಿದಾಗಲೆಲ್ಲ ಮೂಲೆಯಲ್ಲಿ ಎಚ್ಚರಿಕೆ ಬರುವ ದೇಶದಲ್ಲಿ, ನೋಡುತ್ತ ಕೂತ ಮಗು ಅಲ್ಲೇ ಬೀಳಬಹುದಾದ ದೃಶ್ಯಕ್ಕೆ ಎಚ್ಚರಿಕೆ ಕಡ್ಡಾಯವಲ್ಲ. ಹಾಗಾಗಿ ‘ಯು’ ಎಂಬ ಅಕ್ಷರ ನೋಡಿ ನಿಶ್ಚಿಂತರಾಗಬೇಡಿ. ಮಕ್ಕಳ ಕಾರ್ಟೂನಿನಲ್ಲೇ ಅಪಾಯ ಹೆಚ್ಚಿರಬಹುದು.

ಇನ್ನು ಮೊದಲೇ ನೋಡಿ ಗುರುತು ಮಾಡುವ ಕೆಲಸ. ಇದನ್ನು ಮಾಡುವವರಿಗೆ ಫಿಟ್ಸ್, ಮೈಗ್ರೇನ್ ಎರಡೂ ಇರಬಾರದು. ಸಿನಿಮಾ ಓಟಿಟಿಯಲ್ಲಿದ್ದರೆ ಓಡಿಸುತ್ತಾ ನೋಡಿ. ಹೋರಾಟ, ಹಾಡು, ಮಳೆರಾತ್ರಿ, ಪೊಲೀಸ್ ಜೀಪು, ಪತ್ರಿಕಾಗೋಷ್ಠಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಕೆಟ್ಟ ಟ್ಯೂಬ್‌ಲೈಟ್, ಪಬ್ಬಿನ ದೃಶ್ಯ, ಮೆಷಿನ್ ಗನ್ನು ಬಂದಲ್ಲೆಲ್ಲ ನಿಲ್ಲಿ. ಮಲೆನಾಡಿನ ರಸ್ತೆಯಲ್ಲಿ ಜೀಪು ಓಡುವಾಗ ಸಾಲುಮರಗಳ ನಡುವಿನಿಂದ ಬಿಸಿಲು ಕಣ್ಣಿಗೆ ಹೊಡೆಯುವ ಚೆಂದದ ದೃಶ್ಯವನ್ನೂ ಬಿಡಬೇಡಿ. ಅಂಥ ಬಿಸಿಲು ನಿಜವಾದ ರಸ್ತೆಯಲ್ಲೂ ಕೆಲವರಿಗೆ ಫಿಟ್ಸ್ ತರುತ್ತದೆ.

ಅನುಮಾನ ಬಂದ ದೃಶ್ಯವನ್ನು ಕಾಲು ಪಟ್ಟು ವೇಗಕ್ಕೆ ಇಳಿಸಿ ನೋಡಿ. ಯೂಟ್ಯೂಬಿನಲ್ಲಿ `0.25` ಎಂಬ ವೇಗ ಸಿಗುತ್ತದೆ. ಈಗ ಸಿನಿಮಾದ ಒಂದು ಸೆಕೆಂಡು ನಿಮಗೆ ನಾಲ್ಕು ಸೆಕೆಂಡಾಗಿ ಸಿಗುತ್ತದೆ. ಗಡಿಯಾರ ನೋಡಿಕೊಂಡು ಆ ನಾಲ್ಕು ಸೆಕೆಂಡಿನಲ್ಲಿ ಪರದೆ ಎಷ್ಟು ಸಲ ಬೆಳಗಿ ಆರಿತು ಎಂದು ಬೆರಳು ಮಡಿಸಿ. ಮೂರು ದಾಟಿದರೆ ಅದು ಬಿಡಬೇಕಾದ ದೃಶ್ಯ. ಕೆಲವು ಓಟಿಟಿಗಳಲ್ಲಿ ಅರ್ಧ ವೇಗದವರೆಗೆ ಮಾತ್ರ ಇಳಿಸಬಹುದು. ಆಗ ಎರಡು ಸೆಕೆಂಡಿನ ಲೆಕ್ಕ ಹಿಡಿಯಿರಿ. ಇನ್ನೂ ಖಚಿತವಾಗಿ ಬೇಕಾದರೆ ಯೂಟ್ಯೂಬನ್ನು ನಿಲ್ಲಿಸಿ ಕೀಬೋರ್ಡಿನ `.` ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಆ ಕೆಲಸಕ್ಕೆ `E` ಒತ್ತಬೇಕು.

ಎಣಿಸುವಾಗ ಒಂದು ಗೊಂದಲ ಆಗುತ್ತದೆ. ವೇಗವಾಗಿ ದೃಶ್ಯ ಬದಲಾದ ಮಾತ್ರಕ್ಕೆ ಮಿಂಚಾಗುವುದಿಲ್ಲ. ಒಂದೇ ಹೊಳಪಿನ ಮೂರು ಮುಖಗಳು ಚಕಚಕನೆ ಬಂದರೆ ಅದು ಬರೀ ಕತ್ತರಿಕೆ. ನಡುನಡುವೆ ಪರದೆ ಬಿಳಿಯಾದರೆ ಅಥವಾ ಪೂರ್ತಿ ಕಪ್ಪಾದರೆ ಆಗ ಮಿಂಚು. ನಮ್ಮ ಧಾರಾವಾಹಿಗಳಲ್ಲಿ ಅತ್ತೆಯ ಮುಖವನ್ನು ಮೂರು ಸಲ ತೋರಿಸಿ ನಡುವೆ ಬಿಳಿ ಬೆಳಕು ಹೊಡೆಯುವುದುಂಟಲ್ಲ, ಅದು ಸಾಮಾನ್ಯವಾಗಿ ಸೆಕೆಂಡಿಗೆ ಒಂದರ ಆಸುಪಾಸು. ಕಿರಿಕಿರಿಯಾದರೂ ಮೂರರ ಗೆರೆಯೊಳಗೇ ಇರುತ್ತದೆ. ಆದರೆ ಹೊಡೆದಾಟದ ನಡುನಡುವೆ ಪರದೆಯನ್ನು ಕಪ್ಪು ಮಾಡುತ್ತಾ ಹೋಗುವ ಶೈಲಿ ಈಗ ದೊಡ್ಡ ಬಜೆಟ್ಟಿನ ಚಿತ್ರಗಳಲ್ಲಿ ಬಂದಿದೆ. ‘ಕೆಜಿಎಫ್ ಚಾಪ್ಟರ್ 2’ರ ಕಾರು ಬೆನ್ನಟ್ಟುವ ದೃಶ್ಯವನ್ನು ನೋಡಿದವರಿಗೆ ನಾನು ಹೇಳುತ್ತಿರುವುದು ಏನೆಂದು ಗೊತ್ತಾಗುತ್ತದೆ. ಸಂಕಲನದ ದೃಷ್ಟಿಯಿಂದ ಅದು ಬಿಗಿಯಾದ ಕೆಲಸ. ಬೆಳಕು ಆಗದವರು ಮಾತ್ರ ಅಂಥ ದೃಶ್ಯಗಳನ್ನು ಎಣಿಸದೆ ನೋಡಬಾರದು.

ನನಗೆ ಪರಿಚಯದ ಒಂದು ಕುಟುಂಬ ಇದನ್ನು ಹೇಗೆ ಮಾಡುತ್ತದೆ ಎಂದು ಹೇಳುತ್ತೇನೆ. ಮಗಳು ಹೈಸ್ಕೂಲು, ಇಇಜಿಯಲ್ಲಿ ಬೆಳಕಿನ ಸೂಕ್ಷ್ಮತೆ ಇದೆ ಎಂದು ಗೊತ್ತಾಗಿದೆ, ಮಾತ್ರೆ ನಡೆಯುತ್ತಿದೆ. ಗೆಳತಿಯರೆಲ್ಲ ನೋಡಿದ ಒಂದು ಪತ್ತೇದಾರಿ ಸಿನಿಮಾ ಓಟಿಟಿಗೆ ಬಂದಾಗ ಅವಳ ಅಣ್ಣ ಹಿಂದಿನ ದಿನವೇ ಕೂತು ಒಂದು ಚೀಟಿ ಬರೆದ. ಮೊದಲ ಸಾಲು ಹೆಸರು ತೋರಿಸುವ ಭಾಗದ್ದು: ಬಿಳಿ ಅಕ್ಷರಗಳು ಕಪ್ಪು ತೆರೆಯ ಮೇಲೆ ಹಾರಿಬರುತ್ತವೆ, ಆದರೆ ಚಿಕ್ಕವು, ಪರದೆಯ ಕಾಲು ಭಾಗಕ್ಕೂ ಕಡಿಮೆ, ನೋಡಬಹುದು. ಮೂವತ್ತೆಂಟನೆಯ ನಿಮಿಷದಲ್ಲಿ ಸಿಡಿಲು: ಎರಡು ಸಲ, ನಡುವೆ ನಾಲ್ಕೈದು ಸೆಕೆಂಡು, ನೋಡಬಹುದು. ಮಧ್ಯಂತರಕ್ಕೆ ಮುಂಚೆ ಪಬ್ಬಿನ ಹಾಡು: ಕೆಂಪು ದೀಪ, ಕಾಲು ವೇಗದಲ್ಲಿ ನಾಲ್ಕು ಸೆಕೆಂಡಿಗೆ ಏಳೆಂಟು ಸಲ, ಇಡೀ ಪರದೆ, ಹಾಡು ಶುರುವಾದಲ್ಲಿಂದ ಮುಗಿಯುವ ತನಕ ಬಿಡಬೇಕು. ಕಥೆಗೆ ಬೇಕಾದದ್ದು ಅದರಲ್ಲಿ ಒಂದೇ: ನಾಯಕನ ಫೋನು ಕಳುವಾಗುತ್ತದೆ. ಅದನ್ನೂ ಚೀಟಿಯಲ್ಲಿ ಬರೆದ. ಕೊನೆಯ ಹೋರಾಟದಲ್ಲಿ ಟಾರ್ಚ್ ಬೆಳಕು ನೇರ ಕ್ಯಾಮೆರಾಕ್ಕೆ ಹೊಡೆಯುತ್ತದೆ, ಎಣಿಸಿದರೆ ಮೂರರ ಗೆರೆಯ ಮೇಲೇ ಬಂತು. ಅನುಮಾನವಿದ್ದಲ್ಲಿ ಬಿಡುವುದು ಎಂದು ಆ ಇಪ್ಪತ್ತು ಸೆಕೆಂಡನ್ನೂ ಹಾರಿಸಿದರು. ಎರಡೂಕಾಲು ಗಂಟೆಯ ಸಿನಿಮಾದಲ್ಲಿ ಅವಳು ಕಳೆದುಕೊಂಡದ್ದು ಐದು ನಿಮಿಷಕ್ಕೂ ಕಡಿಮೆ. ಈ ಲೆಕ್ಕ ಮಾಡದೆ ಇದ್ದಿದ್ದರೆ ಆ ಹುಡುಗಿ ಪೂರ್ತಿ ಸಿನಿಮಾವನ್ನೇ ಬಿಡಬೇಕಿತ್ತು.

ದೃಶ್ಯ ಹಾರಿಸುವಾಗ ಅವರು ಮಾಡುವ ಒಂದು ಸಣ್ಣ ಕೆಲಸವನ್ನು ಹೇಳಲೇಬೇಕು. ಗುರುತು ಮಾಡಿದ ಜಾಗಕ್ಕೆ ಅರ್ಧ ನಿಮಿಷ ಮುಂಚೆಯೇ ನಿಲ್ಲಿಸಿ, ಅವಳು ಮುಖ ತಿರುಗಿಸಿದ ಮೇಲೆ ಮುಂದಕ್ಕೆ ಎಳೆಯುತ್ತಾರೆ. ಏಕೆಂದರೆ ಎಳೆಯುವಾಗ ಮೂಡುವ ಪುಟ್ಟ ಚಿತ್ರಗಳೂ ಚಕಚಕನೆ ಮಿನುಗುತ್ತವೆ.

ಕೂರುವ ಜಾಗವೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಮಿದುಳಿಗೆ ಮುಖ್ಯವಾದುದು ಕಣ್ಣಿನ ನೋಟದ ಎಷ್ಟು ಭಾಗವನ್ನು ಪರದೆ ತುಂಬಿದೆ ಎಂಬುದು. 43 ಇಂಚಿನ ಟೀವಿಯನ್ನು ಎರಡೂವರೆ ಮೀಟರ್ ದೂರದಿಂದ ನೋಡಿದರೂ, ಮೊಬೈಲನ್ನು ಅಡ್ಡ ಹಿಡಿದು 40 ಸೆಂಟಿಮೀಟರ್ ದೂರದಿಂದ ನೋಡಿದರೂ ಕಣ್ಣಿಗೆ ಅಗಲ ಸರಿಸುಮಾರು ಒಂದೇ. ಮೊಬೈಲ್ ಚಿಕ್ಕದು, ಪರವಾಗಿಲ್ಲ ಎಂದುಕೊಂಡು ಮಗು ಹಾಸಿಗೆಯಲ್ಲಿ ಮಲಗಿ ಅದನ್ನು ಒಂದು ಗೇಣು ದೂರಕ್ಕೆ ತಂದರೆ ಆ ಅಗಲ ಎರಡರಷ್ಟಾಗುತ್ತದೆ. ಮನೆಯಲ್ಲಿ ಟೀವಿಯಿಂದ ಎಂಟು ಅಡಿ ದೂರ, ಕೋಣೆಯಲ್ಲಿ ದೀಪ, ಟೀವಿಯ ಹೊಳಪು ಕಡಿಮೆ: ಈ ಮೂರನ್ನೂ ಒಟ್ಟಿಗೆ ಮಾಡಬೇಕು. ಅಂಗಡಿಯಲ್ಲಿ ಕಣ್ಣು ಕೋರೈಸಲೆಂದು ಇಟ್ಟ ‘ವಿವಿಡ್’, ‘ಡೈನಮಿಕ್’ ಎಂಬ ಚಿತ್ರದ ಆಯ್ಕೆಗಳನ್ನು ತೆಗೆದುಹಾಕಿ. ಜಪಾನಿನಲ್ಲಿ ಇವತ್ತಿಗೂ ಕಾರ್ಟೂನಿಗೆ ಮುಂಚೆ ಮಕ್ಕಳಿಗೆ ತೋರಿಸುವ ಸಾಲು ಇದೇ: ಕೋಣೆಯಲ್ಲಿ ಬೆಳಕು ಮಾಡಿಕೊಂಡು, ದೂರ ಕೂತು ನೋಡಿ.

ಆ್ಯಪಲ್ ಕಂಪನಿಯ ಫೋನು, ಟ್ಯಾಬ್, ಕಂಪ್ಯೂಟರುಗಳಲ್ಲಿ 2023ರಿಂದ ಒಂದು ಸೌಲಭ್ಯ ಬಂದಿದೆ. ಫೋನಿನಲ್ಲಿ `Settings > Accessibility > Motion > Dim Flashing Lights` ಎಂಬಲ್ಲಿ ಅದನ್ನು ಹಾಕಿಕೊಂಡರೆ, ವಿಡಿಯೋದಲ್ಲಿ ಮಿನುಗು ಶುರುವಾದಾಗ ಪರದೆ ತಾನೇ ಮಂಕಾಗುತ್ತದೆ. ಆದರೆ ಎಲ್ಲ ಆ್ಯಪ್‌ಗಳಲ್ಲೂ ಅದು ಕೆಲಸ ಮಾಡುವುದಿಲ್ಲ. ಅದನ್ನು ಹೆಚ್ಚುವರಿ ಕಾವಲು ಎಂದು ಇಟ್ಟುಕೊಳ್ಳಿ, ಚೀಟಿಯನ್ನು ಬಿಡಬೇಡಿ. ವೀಕ್ಷಕರೇ ಬರೆದು ತುಂಬಿಸುವ `doesthedogdie.com` ಎಂಬ ತಾಣದಲ್ಲಿ ಸಿನಿಮಾ, ಸರಣಿಗಳಲ್ಲಿ ಮಿನುಗುವ ಬೆಳಕು ಇದೆಯೇ ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಇಂಗ್ಲಿಷ್ ಚಿತ್ರಗಳಿಗೆ ಅದು ಒಳ್ಳೆಯ ಮೊದಲ ಜರಡಿ. ‘ಇದೆ’ ಎಂದು ಹೆಚ್ಚು ಜನ ಹೇಳಿದ್ದರೆ ನಂಬಿ. ‘ಇಲ್ಲ’ ಎಂದಿದ್ದರೆ ನೀವೇ ಎಣಿಸಿ.

ಚಿತ್ರಮಂದಿರದ ಮಾತು ಬೇರೆ. ಅಲ್ಲಿನ ಪರದೆಯ ಹೊಳಪು ಹೊಸ ಟೀವಿಗಳಿಗಿಂತ ಎಷ್ಟೋ ಕಡಿಮೆ ಎಂಬುದು ನಿಜ. ಆದರೆ ಕತ್ತಲು, ಪರದೆಯ ಅಗಲ ಎರಡೂ ಸೇರಿ ಆ ಲಾಭವನ್ನು ತಿಂದುಹಾಕುತ್ತವೆ. ನಿಲ್ಲಿಸುವ ಗುಂಡಿಯೂ ಕೈಯಲ್ಲಿಲ್ಲ. ಫಿಟ್ಸ್ ಇರುವವರಿಗೆ ನನ್ನ ಸಲಹೆ: ಬಿಡುಗಡೆಯ ದಿನ ಹೋಗಬೇಡಿ. ಅಭಿಮಾನಿಗಳ ಪ್ರದರ್ಶನದಲ್ಲಿ ಪರದೆಯ ಮೇಲಿನದ್ದಲ್ಲದೆ ಮೊಬೈಲ್ ಟಾರ್ಚು, ಬಣ್ಣದ ದೀಪ, ಲೇಸರ್ ಎಲ್ಲವೂ ಕಣ್ಣಿಗೆ ಹೊಡೆಯುತ್ತವೆ. ಮನೆಯವರೊಬ್ಬರು ನೋಡಿ ಬಂದು ಎಲ್ಲಿ ಏನಿದೆ ಎಂದು ಹೇಳಲಿ, ಆಮೇಲೆ ಹಿಂದಿನ ಸಾಲಿನಲ್ಲಿ, ದಾರಿಯ ಪಕ್ಕದ ಕುರ್ಚಿ ಹಿಡಿಯಿರಿ. ಸೆಕೆಂಡ್ ಶೋ ಬೇಡ. ನಿದ್ದೆಗೆಟ್ಟ ಮಿದುಳು ಬೇಗ ಸೋಲುತ್ತದೆ. ಮಾತ್ರೆ ತಪ್ಪಿದ ದಿನ, ಜ್ವರ ಬಂದ ದಿನ, ಪರೀಕ್ಷೆಗೆಂದು ರಾತ್ರಿಯೆಲ್ಲ ಓದಿದ ಮರುದಿನ ಯಾವ ಸಿನಿಮಾಕ್ಕೂ ಹೋಗದಿರುವುದೇ ಒಳ್ಳೆಯದು.

ಎಷ್ಟೇ ಎಚ್ಚರವಿದ್ದರೂ ದೃಶ್ಯವೊಂದು ಹಠಾತ್ತನೆ ಮಿನುಗಿದರೆ ಏನು ಮಾಡಬೇಕೆಂದು ಮಗುವಿಗೆ ಕಲಿಸಿರಬೇಕು. ಕಣ್ಣು ಮುಚ್ಚಿಕೋ ಎಂದು ನಾವು ತಕ್ಷಣ ಹೇಳುತ್ತೇವೆ. ಅದು ಸಾಲದು. ಬೆಳಕು ರೆಪ್ಪೆಯನ್ನು ದಾಟಿ, ಕೆಂಪಾಗಿ, ಇಡೀ ಕಣ್ಣಿಗೆ ಹರಡುತ್ತದೆ. ಕೆಲವರಿಗೆ ಕಣ್ಣು ಮುಚ್ಚುವ ಕ್ರಿಯೆಯೇ ಅಪಾಯವನ್ನು ಹೆಚ್ಚಿಸುತ್ತದೆ. ಸರಿಯಾದ ಕ್ರಮವೆಂದರೆ ಒಂದು ಅಂಗೈಯಿಂದ ಒಂದು ಕಣ್ಣನ್ನು ಪೂರ್ತಿ ಮುಚ್ಚಿ, ಮುಖವನ್ನು ಪರದೆಯಿಂದ ಆಚೆಗೆ ತಿರುಗಿಸುವುದು. ಒಂದೇ ಕಣ್ಣಿನಿಂದ ಬೆಳಕು ಹೋದಾಗ ಮಿದುಳಿನಲ್ಲಿ ಕೆರಳುವ ಕೋಶಗಳು ಬಹಳ ಕಡಿಮೆ. ಫಿಟ್ಸ್ ಬಂದೇ ಬಿಟ್ಟರೆ ಪಕ್ಕಕ್ಕೆ ಒರಗಿಸಿ ಮಲಗಿಸಿ, ತಲೆಯಡಿ ಮೆತ್ತಗಿನದ್ದೇನಾದರೂ ಇಡಿ, ಸಮಯ ನೋಡಿಕೊಳ್ಳಿ. ಬಾಯಿಗೆ ಏನನ್ನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುವುದಿಲ್ಲ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಮೈಗ್ರೇನ್ ಇರುವವರಿಗೆ ಮೂರು ಮಿಂಚಿನ ಗೆರೆ ರಕ್ಷಣೆ ಕೊಡುವುದಿಲ್ಲ. ಸೆಕೆಂಡಿಗೆ ಒಂದೇ ಸಲ ಬಿಳಿ ಬೆಳಕು ಹೊಡೆದರೂ, ಕತ್ತಲ ಕೋಣೆಯಲ್ಲಿ ಹೊಳೆಯುವ ಹಿಮದ ದೃಶ್ಯ ಹತ್ತು ನಿಮಿಷ ಇದ್ದರೂ, ಕೈಯಲ್ಲಿ ಹಿಡಿದ ಕ್ಯಾಮೆರಾ ಅಲುಗುತ್ತಲೇ ಇದ್ದರೂ ಅವರಿಗೆ ನೋವು ಶುರುವಾಗಬಹುದು. ಫಿಟ್ಸ್ ಬಹುಪಾಲು ಮಿನುಗುವಾಗಲೇ ಬರುತ್ತದೆ. ಮೈಗ್ರೇನ್ ಮನೆಗೆ ಬಂದು ಊಟ ಮಾಡಿ ಮಲಗಿದ ಮೇಲೂ ಬರಬಹುದು. ಹಾಗಾಗಿ ಯಾವುದರಿಂದ ಬಂತು ಎಂದು ಹೇಳುವುದು ಕಷ್ಟ. ಅದೂ ಅಲ್ಲದೆ ಅದೇ ಸರಣಿಯ ನಾಲ್ಕು ಕಂತು ಒಂದು ದಿನ ಏನೂ ಮಾಡುವುದಿಲ್ಲ, ಹಸಿದಿದ್ದ ದಿನವೋ ಮುಟ್ಟಿಗೆ ಮುಂಚಿನ ದಿನವೋ ಒಂದೇ ಕಂತು ಮಲಗಿಸಿಬಿಡುತ್ತದೆ. ಇವರಿಗೆ ಸಿನಿಮಾದ ಚೀಟಿಗಿಂತ ತಮ್ಮದೇ ದಿನಚರಿ ಮುಖ್ಯ. ಏನು ನೋಡಿದೆ, ಎಷ್ಟು ಹೊತ್ತು, ಕೋಣೆಯಲ್ಲಿ ದೀಪ ಇತ್ತೇ, ಊಟ ನಿದ್ದೆ ಆಗಿತ್ತೇ, ನೋವು ಯಾವಾಗ ಬಂತು ಎಂದು ಎರಡು ಮೂರು ತಿಂಗಳು ಬರೆದಿಟ್ಟರೆ ತಮ್ಮ ಗೆರೆ ಎಲ್ಲಿದೆ ಎಂದು ಅವರಿಗೇ ಕಾಣುತ್ತದೆ. ಒಬ್ಬರಿಗೆ ಅದು ಹಾರರ್ ಚಿತ್ರದ ಕತ್ತಲೆ ಬೆಳಕಿರಬಹುದು, ಇನ್ನೊಬ್ಬರಿಗೆ ಸತತ ಎರಡು ಗಂಟೆ ಕೂರುವುದೇ ಇರಬಹುದು. ಸರಣಿಗಳು ಇವರಿಗೆ ಸಿನಿಮಾಕ್ಕಿಂತ ಒಳ್ಳೆಯವು, ಕಂತಿಗೊಂದು ಸಲ ಎದ್ದು ಹೋಗಬಹುದು. ತಾನೇ ಮುಂದಿನ ಕಂತು ಶುರುಮಾಡುವ ಸೌಲಭ್ಯವನ್ನು ಮಾತ್ರ ತೆಗೆದುಹಾಕಿ.

ಬಣ್ಣದ ಕನ್ನಡಕದ ಬಗ್ಗೆ ಹಲವರು ಕೇಳುತ್ತಾರೆ. ಮೈಗ್ರೇನಿಗೆ ಗುಲಾಬಿ ಛಾಯೆಯ ಒಂದು ಬಗೆಯ ಗಾಜು ಕೆಲವರಿಗೆ ನೆಮ್ಮದಿ ಕೊಡುತ್ತದೆ. ಬೆಳಕಿನ ಫಿಟ್ಸ್‌ಗೆ ಗಾಢ ನೀಲಿ ಗಾಜನ್ನು ಇಟಲಿಯ ವೈದ್ಯರು ನೂರಾರು ರೋಗಿಗಳ ಮೇಲೆ ಪರೀಕ್ಷಿಸಿ ಬಹುಪಾಲು ಜನರಲ್ಲಿ ಒಳ್ಳೆಯ ಫಲ ಕಂಡಿದ್ದಾರೆ. ಎರಡೂ ಬೇರೆ ಬೇರೆ. ಒಂದಕ್ಕೆ ಇನ್ನೊಂದನ್ನು ಹಾಕಿಕೊಳ್ಳಬಾರದು. ನರರೋಗ ವೈದ್ಯರನ್ನು ಕೇಳದೆ ಅಂಗಡಿಯಲ್ಲಿ ಕೊಂಡು ತರಬೇಡಿ. ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡೇ ಇರುವ ಅಭ್ಯಾಸವಾದರೆ ಕಣ್ಣು ಕತ್ತಲೆಗೆ ಹೊಂದಿಕೊಂಡು, ಸಾಧಾರಣ ಬೆಳಕೂ ಚುಚ್ಚತೊಡಗುತ್ತದೆ.

ಕನ್ನಡ ಸಿನಿಮಾ ಮಾಡುವವರಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ಸಂಕಲನಕಾರರಿಗೆ ಯಾವ ದೃಶ್ಯ ಎಷ್ಟನೆಯ ಸೆಕೆಂಡಿನಲ್ಲಿ ಮಿನುಗುತ್ತದೆ ಎಂಬುದು ಫ್ರೇಮ್ ಸಮೇತ ಗೊತ್ತಿರುತ್ತದೆ. ಬಿಡುಗಡೆಯ ದಿನ ನಿಮ್ಮ ಪೋಸ್ಟರಿನ ಜೊತೆ ಆ ನಿಮಿಷಗಳ ಪಟ್ಟಿಯನ್ನೂ ಹಾಕಿ. ಖರ್ಚಿಲ್ಲ, ಕಥೆಯ ಗುಟ್ಟೂ ಬಿಡುವುದಿಲ್ಲ. ಅಲ್ಲಿಯವರೆಗೆ ಈ ಕೆಲಸ ನೋಡುಗರಾದ ನಮ್ಮದು. ಈ ವಾರ ನೀವು ನೋಡುವ ಸಿನಿಮಾದಲ್ಲಿ ಪರದೆ ಮಿನುಗಿದರೆ ಗಡಿಯಾರ ನೋಡಿಕೊಳ್ಳಿ. ನಿಮ್ಮ ಪರಿಚಯದಲ್ಲಿ ಫಿಟ್ಸ್ ಅಥವಾ ಮೈಗ್ರೇನ್ ಇರುವವರಿಗೆ ಆ ನಿಮಿಷವನ್ನು ಬರೆದು ಕಳಿಸಿ.